ಗುಡ್ಡದ ಮಣ್ಣು ಮತ್ತು ಪರಿಸರ ಮಂತ್ರಾಲಯದ ಒಂದು ಸಾಲು: ನಿಯಮವೊಂದು ಅಧಿಕಾರ ಮೀರಿದೆಯೇ ಎಂದು ನೋಡುವ ಬಗೆ

ಸಕಲೇಶಪುರದ ಕಡೆ ರಸ್ತೆ ಅಗಲವಾಗುತ್ತಿದೆ ಅಥವಾ ಪೈಪ್‌ಲೈನ್ ಹಾದುಹೋಗುತ್ತಿದೆ ಎಂದುಕೊಳ್ಳಿ. ನಿಮ್ಮ ತೋಟದ ಪಕ್ಕದ ಗುಡ್ಡಕ್ಕೆ ಒಂದು ಬೆಳಿಗ್ಗೆ ಹಿಟಾಚಿ ಬರುತ್ತದೆ. ಸಂಜೆಯೊಳಗೆ ಟಿಪ್ಪರ್‌ಗಳು ಸಾಲುಗಟ್ಟಿ ಮಣ್ಣು ಸಾಗಿಸುತ್ತವೆ. ಧರೆ ಕಡಿದ ಜಾಗ ಮಳೆಗಾಲಕ್ಕೆ ಜಾರಿದರೆ ಕೆಳಗಿರುವುದು ನಿಮ್ಮ ಗದ್ದೆ, ನಿಮ್ಮ ಹಳ್ಳ. ಹಾಸನದ ಕಚೇರಿಗೆ ಹೋಗಿ ‘ಇದಕ್ಕೆ ಪರಿಸರ ಅನುಮತಿ ಇದೆಯೇ’ ಎಂದು ಕೇಳಿದರೆ, ‘ಅದು ಬೇಕಾಗಿಲ್ಲ, ಕೇಂದ್ರದ ಅಧಿಸೂಚನೆಯಲ್ಲೇ ವಿನಾಯಿತಿ ಇದೆ’ ಎಂಬ ಉತ್ತರ ಸಿಗುತ್ತದೆ. ಅವರು ತೋರಿಸುವ ಕಾಗದದಲ್ಲಿ ಒಂದು ಕೋಷ್ಟಕ, ಅದರಲ್ಲಿ ಒಂದು ಸಾಲು ಇರುತ್ತದೆ.

ಹೆಚ್ಚಿನವರು ಇಲ್ಲಿಗೇ ವಾಪಸಾಗುತ್ತಾರೆ. ಕಾನೂನೇ ಹೀಗಿರುವಾಗ ಮಾಡುವುದೇನು ಎಂದು. ಆದರೆ ಆ ಸಾಲನ್ನು ಬರೆದದ್ದು ಸಂಸತ್ತಲ್ಲ, ಕೇಂದ್ರ ಪರಿಸರ ಮಂತ್ರಾಲಯ. ಸಂಸತ್ತು ಕೊಟ್ಟ ಅಧಿಕಾರದ ಮೇಲೆ ಮಂತ್ರಾಲಯ ಬರೆಯುವ ಇಂಥ ನಿಯಮ, ಅಧಿಸೂಚನೆಗಳಿಗೆ ಪ್ರತ್ಯಾಯೋಜಿತ ಶಾಸನ ಅಥವಾ ಅಧೀನ ಶಾಸನ ಎಂದು ಹೆಸರು. ಕೊಟ್ಟ ಅಧಿಕಾರದ ಬೇಲಿ ದಾಟಿ ಬರೆದರೆ ಅದು ಅಲ್ಟ್ರಾ ವೈರಿಸ್, ಅಂದರೆ ಅಧಿಕಾರ ಮೀರಿದ್ದು. ಅಂಥದ್ದನ್ನು ನ್ಯಾಯಾಲಯ ರದ್ದುಮಾಡುತ್ತದೆ. ಮಣ್ಣಿನ ವಿನಾಯಿತಿಯ ಸಾಲಿಗೆ ಆದದ್ದೂ ಅದೇ. 2020ರ ಮಾರ್ಚ್ 28ರಂದು ಬಂದ ಆ ಸಾಲನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು ‘ನೋಬಲ್ ಎಂ. ಪೈಕಾಡ ವಿರುದ್ಧ ಕೇಂದ್ರ ಸರ್ಕಾರ’ ಪ್ರಕರಣದಲ್ಲಿ ಹೊಡೆದುಹಾಕಿತು. ಇದೇ ಪ್ರಕರಣವನ್ನು ಮುಂದಿಟ್ಟುಕೊಂಡು ಒಂದು ನಿಯಮವನ್ನು ಪರೀಕ್ಷಿಸುವ ದಾರಿಯನ್ನು ಇಲ್ಲಿ ಬಿಡಿಸಿದ್ದೇವೆ. ನಾಳೆ ನಿಮ್ಮ ಕೈಗೆ ಬರುವುದು ಬೇರೆ ಇಲಾಖೆಯ ಬೇರೆ ಅಧಿಸೂಚನೆಯಾದರೂ ನೋಡುವ ಕ್ರಮ ಇದೇ.

ಮೊದಲ ಹೆಜ್ಜೆ: ಕೈಯಲ್ಲಿರುವ ಕಾಗದದಿಂದ ಕಾಯ್ದೆಯವರೆಗೆ ಹಿಂದಕ್ಕೆ ನಡೆಯಿರಿ

ಕಚೇರಿಯಲ್ಲಿ ತೋರಿಸುವ ಕಾಗದ ಸಾಮಾನ್ಯವಾಗಿ ಸರಪಳಿಯ ಕೊನೆಯ ಕೊಂಡಿ. ಅದನ್ನು ಹಿಡಿದು ಒಂದೊಂದೇ ಕೊಂಡಿ ಮೇಲಕ್ಕೆ ಹೋಗಬೇಕು. ಮಣ್ಣಿನ ವಿಷಯದಲ್ಲಿ ಸರಪಳಿ ಹೀಗಿತ್ತು. ಎಲ್ಲಕ್ಕಿಂತ ಮೇಲೆ 1986ರ ಪರಿಸರ (ಸಂರಕ್ಷಣಾ) ಕಾಯ್ದೆ. ಅದನ್ನು ಮಾಡಿದ್ದು ಸಂಸತ್ತು. ಅದರ ಕೆಳಗೆ ಕೇಂದ್ರ ಸರ್ಕಾರ ಮಾಡಿದ 1986ರ ಪರಿಸರ (ಸಂರಕ್ಷಣಾ) ನಿಯಮಗಳು. ಇವೆರಡರ ಬಲದ ಮೇಲೆ 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ. ಯಾವ ಕೆಲಸಕ್ಕೆ ಮೊದಲೇ ಪರಿಸರ ಅನುಮತಿ ಬೇಕು ಎಂದು ಹೇಳುವುದು ಇದೇ. ಆ ಅಧಿಸೂಚನೆಗೆ 2020ರಲ್ಲಿ ಬಂದ ತಿದ್ದುಪಡಿ ಅನುಬಂಧ 9 ಎಂಬ ವಿನಾಯಿತಿ ಪಟ್ಟಿಯನ್ನು ಬದಲಿಸಿತು. ಪಟ್ಟಿಯ 6ನೇ ಸಾಲು ರಸ್ತೆ, ಪೈಪ್‌ಲೈನ್ ಮುಂತಾದ ಉದ್ದನೆಯ ಯೋಜನೆಗಳಿಗಾಗಿ ಸಾಧಾರಣ ಮಣ್ಣು ತೆಗೆಯುವುದಕ್ಕೆ ಅನುಮತಿ ಬೇಡ ಎಂದಿತು.

ಹೀಗೆ ಬಿಡಿಸಿಟ್ಟಾಗ ಒಂದು ಮಾತು ಸ್ಪಷ್ಟವಾಗುತ್ತದೆ. ಕೆಳಗಿನ ಯಾವ ಕೊಂಡಿಯೂ ಮೇಲಿನದಕ್ಕಿಂತ ದೊಡ್ಡದಾಗಲಾರದು. ಅಧಿಸೂಚನೆ ಕಾಯ್ದೆಗೂ ನಿಯಮಕ್ಕೂ ಒಳಪಟ್ಟಿರಬೇಕು, ಸುತ್ತೋಲೆ ಅಧಿಸೂಚನೆಗೆ ಒಳಪಟ್ಟಿರಬೇಕು. ಇಲಾಖೆಯ ಸುತ್ತೋಲೆಯೊಂದು ನಿಯಮದಲ್ಲಿ ಇಲ್ಲದ ವಿನಾಯಿತಿಯನ್ನು ತಾನೇ ಹುಟ್ಟಿಸಿದ್ದರೆ ಕೆಲಸ ಇನ್ನೂ ಸುಲಭ. ಅದು ಶಾಸನವೇ ಅಲ್ಲ, ಬರೀ ಆಡಳಿತದ ಸೂಚನೆ. ನಿಯಮದ ಎದುರು ನಿಲ್ಲುವುದಿಲ್ಲ.

ಪಠ್ಯಗಳನ್ನು ಜಾಲತಾಣದಿಂದಲೇ ತೆಗೆಯಬಹುದು. ಕಾಯ್ದೆಗೆ indiacode.nic.in, ಕೇಂದ್ರದ ರಾಜ್ಯಪತ್ರಕ್ಕೆ egazette.gov.in. ಒಂದು ಎಚ್ಚರಿಕೆ: ವಾಟ್ಸಾಪ್‌ನಲ್ಲಿ ಬಂದ ಪಿಡಿಎಫ್, ಪತ್ರಿಕೆಯ ಸಾರಾಂಶ, ‘ಇಲ್ಲಿಯವರೆಗಿನ ತಿದ್ದುಪಡಿ ಸೇರಿಸಿದ’ ಖಾಸಗಿ ಪ್ರತಿ, ಇವುಗಳ ಮೇಲೆ ವಾದ ಕಟ್ಟಬೇಡಿ. 2006ರ ಅಧಿಸೂಚನೆಗೆ ಬಂದಿರುವ ತಿದ್ದುಪಡಿಗಳು ಒಂದೆರಡಲ್ಲ, ಇನ್ನೂ ಬರುತ್ತಲೇ ಇವೆ. ಹಿಟಾಚಿ ಗುಡ್ಡಕ್ಕೆ ಬಂದ ದಿನ ಜಾರಿಯಲ್ಲಿದ್ದ ಪಠ್ಯ ಯಾವುದು ಎಂಬುದೇ ನಿಮಗೆ ಬೇಕಾದದ್ದು. ರಾಜ್ಯಪತ್ರದಲ್ಲಿ ಅದು ಬಂದೇ ಇಲ್ಲವಾದರೆ ಬೇರೆ ವಾದವೇ ಬೇಡ. ಅಧೀನ ಶಾಸನ ಜನರಿಗೆ ತಿಳಿಯುವಂತೆ ಪ್ರಕಟವಾದಾಗಲೇ ಜಾರಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮ ಬೆಂಗಳೂರಿನ ನಗರ ಯೋಜನೆಗೆ ಸಂಬಂಧಿಸಿದ ಬಿ.ಕೆ. ಶ್ರೀನಿವಾಸನ್ ಪ್ರಕರಣದಲ್ಲೇ, 1987ರಲ್ಲಿ.

ಎರಡನೇ ಹೆಜ್ಜೆ: ಕೋಷ್ಟಕ ಬಿಡಿ, ಮೊದಲ ಪ್ಯಾರಾ ಓದಿ

ಅಧಿಸೂಚನೆ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಕೋಷ್ಟಕಕ್ಕೆ ಹೋಗುತ್ತದೆ. ಅಭ್ಯಾಸವಿರುವ ವಕೀಲರು ಮೊದಲು ಓದುವುದು ಪೀಠಿಕೆಯನ್ನು. ‘ಇಂಥ ಕಲಮಿನಿಂದ ದತ್ತವಾದ ಅಧಿಕಾರವನ್ನು ಚಲಾಯಿಸಿ’ ಎಂದು ಶುರುವಾಗುವ ಆ ಉದ್ದನೆಯ ವಾಕ್ಯವೇ ನಿಯಮದ ಜಾತಕ. ಅದರಲ್ಲಿ ಎರಡು ಅಂಶ ಹುಡುಕಬೇಕು: ಯಾವ ಕಲಮಿನ ಅಧಿಕಾರ, ಯಾವ ವಿಧಾನದಲ್ಲಿ.

ಪರಿಸರ ಅನುಮತಿಯ ಅಧಿಸೂಚನೆಗಳು ಕಾಯ್ದೆಯ 3ನೇ ಕಲಮಿನ 1ನೇ ಉಪಕಲಮನ್ನೂ 2ನೇ ಉಪಕಲಮಿನ 5ನೇ ಖಂಡವನ್ನೂ ಹೆಸರಿಸುತ್ತವೆ. ಮೊದಲನೆಯದು ಪರಿಸರವನ್ನು ಕಾಪಾಡಲು, ಅದರ ಗುಣಮಟ್ಟ ಹೆಚ್ಚಿಸಲು ಬೇಕಾದ ಕ್ರಮಗಳನ್ನು ಕೈಗೊಳ್ಳುವ ಅಧಿಕಾರ. ಎರಡನೆಯದು ಕೆಲವು ಪ್ರದೇಶಗಳಲ್ಲಿ ಕೈಗಾರಿಕೆ, ಕೆಲಸಗಳನ್ನು ನಿಷೇಧಿಸುವ ಅಥವಾ ಸುರಕ್ಷತಾ ಷರತ್ತಿಗೆ ಒಳಪಡಿಸುವ ಅಧಿಕಾರ. ಕೊಟ್ಟ ಅಧಿಕಾರದ ಉದ್ದೇಶ ಅಲ್ಲೇ ಬರೆದಿದೆ ಎಂಬುದನ್ನು ಗಮನಿಸಿ. ಕಾಪಾಡಲು ಕೊಟ್ಟ ಅಧಿಕಾರವನ್ನು ಕಾವಲು ತೆಗೆಯಲು ಬಳಸಿದಾಗ ಕೋರ್ಟು ಪ್ರಶ್ನೆ ಕೇಳಲು ಜಾಗ ಸಿಗುತ್ತದೆ.

ಅದೇ ವಾಕ್ಯದ ಬಾಲದಲ್ಲಿ ನಿಯಮ 5ರ ಉಲ್ಲೇಖ ಇರುತ್ತದೆ. ಈ ಲೇಖನದ ಜೀವಾಳ ಅಲ್ಲೇ ಇರುವುದರಿಂದ ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡೋಣ.

ಮೂರನೇ ಹೆಜ್ಜೆ: ನಿಯಮ 5(3)ರ ದಾರಿಯೋ, 5(4)ರ ಅಡ್ಡದಾರಿಯೋ

ಪರಿಸರ ನಿಯಮಗಳ 5(3) ಒಂದು ನಿಧಾನದ ದಾರಿ. ಸರ್ಕಾರ ತನ್ನ ಉದ್ದೇಶವನ್ನು ಮೊದಲು ಕರಡು ರೂಪದಲ್ಲಿ ರಾಜ್ಯಪತ್ರದಲ್ಲಿ ಹಾಕಬೇಕು, ಅದಕ್ಕೆ ಕಾರಣಗಳನ್ನು ಹೇಳಬೇಕು. ಯಾರು ಬೇಕಾದರೂ 60 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಅವನ್ನು ಪರಿಶೀಲಿಸಿದ ಮೇಲಷ್ಟೇ ಅಂತಿಮ ಅಧಿಸೂಚನೆ. ಹಾಸನ, ಚಿಕ್ಕಮಗಳೂರಿನವರಿಗೆ ಈ ದಾರಿ ಚೆನ್ನಾಗಿ ಗೊತ್ತು. ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು 2014ರಿಂದ 2024ರ ಜುಲೈ 31ರವರೆಗೆ ಆರು ಸಲ ಬಂದಿದೆ. ಗ್ರಾಮಸಭೆಗಳಲ್ಲಿ ಠರಾವು ಮಾಡಿ ಆಕ್ಷೇಪಣೆ ಕಳಿಸಿದ್ದು ಇದೇ 60 ದಿನಗಳ ಲೆಕ್ಕದಲ್ಲಿ.

5(4) ಅಡ್ಡದಾರಿ. ಸಾರ್ವಜನಿಕ ಹಿತಾಸಕ್ತಿಗೆ ಅಗತ್ಯವೆಂದು ಸರ್ಕಾರಕ್ಕೆ ಕಂಡರೆ, ಕರಡಿನ ನೋಟಿಸನ್ನು ಕೈಬಿಟ್ಟು ನೇರವಾಗಿ ಅಂತಿಮ ಅಧಿಸೂಚನೆ ಹೊರಡಿಸಬಹುದು. ಯಾವ ದಾರಿ ಹಿಡಿದಿದ್ದಾರೆಂದು ತಿಳಿಯುವುದು ಕಷ್ಟವಲ್ಲ. ಪೀಠಿಕೆಯಲ್ಲಿ ‘ನಿಯಮ 5ರ ಉಪನಿಯಮ 3ರ ಖಂಡ ಡಿ’ ಎಂದಿದ್ದರೆ ಕರಡು ಹೊರಡಿಸಿ ಆಕ್ಷೇಪಣೆ ಕೇಳಿದ್ದಾರೆ ಎಂದರ್ಥ. ಕರಡಿನ ದಿನಾಂಕವೂ ಪಕ್ಕದಲ್ಲೇ ಇರಬೇಕು. ‘ಉಪನಿಯಮ 4’ ಎಂದಿದ್ದರೆ ನಿಮ್ಮನ್ನು ಕೇಳದೆಯೇ ಮಾಡಿದ್ದಾರೆ.

ಅಡ್ಡದಾರಿಯೆಂದ ಮಾತ್ರಕ್ಕೆ ಅದು ಅಕ್ರಮವಲ್ಲ. ನಿಯಮವೇ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ಅದು ಅಪವಾದ. ಅಪವಾದವನ್ನು ಬಳಸಿದವರು ಕಾರಣ ತೋರಿಸಬೇಕು. 2020ರ ಅಧಿಸೂಚನೆ ಎಡವಿದ್ದು ಇಲ್ಲೇ. ಸಾರ್ವಜನಿಕ ಹಿತಾಸಕ್ತಿಯ ದೃಷ್ಟಿಯಿಂದ ನೋಟಿಸನ್ನು ಕೈಬಿಡಲಾಗಿದೆ ಎಂದು ಅದು ಹೇಳಿತೇ ಹೊರತು, ಯಾವ ಹಿತಾಸಕ್ತಿ, ಅದಕ್ಕೇಕೆ ಇಷ್ಟು ತುರ್ತು ಎಂದು ಹೇಳಲಿಲ್ಲ. ನಿಯಮದ ಪದಗಳನ್ನೇ ತಿರುಗಿ ಬರೆದರೆ ಅದು ಕಾರಣವಾಗುವುದಿಲ್ಲ. ಮಕ್ಕಳು ಪರೀಕ್ಷೆಯಲ್ಲಿ ಪ್ರಶ್ನೆಯನ್ನೇ ಉತ್ತರವಾಗಿ ಬರೆದ ಹಾಗೆ ಅದು.

ನ್ಯಾಯಾಲಯ ದಿನಾಂಕವನ್ನೂ ನೋಡಿತು. ದೇಶಾದ್ಯಂತ ಲಾಕ್‌ಡೌನ್ ಘೋಷಣೆಯಾದದ್ದು 2020ರ ಮಾರ್ಚ್ 24ರ ರಾತ್ರಿ. ಅಧಿಸೂಚನೆ ಬಂದದ್ದು ಅದಾದ ನಾಲ್ಕೇ ದಿನಕ್ಕೆ. ರಸ್ತೆ, ಪೈಪ್‌ಲೈನ್ ಕಾಮಗಾರಿಗಳೆಲ್ಲ ನಿಂತುಹೋಗಿದ್ದ ಹೊತ್ತಿನಲ್ಲಿ, ಅವುಗಳಿಗೆ ಮಣ್ಣು ತೆಗೆಯುವ ವಿನಾಯಿತಿಯನ್ನು ಜನರ ಮಾತು ಕೇಳದೆ ಅಷ್ಟು ಅವಸರದಲ್ಲಿ ಕೊಡುವ ಅಗತ್ಯವಾದರೂ ಏನಿತ್ತು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ತುರ್ತಿನ ನೆಪ ಹೇಳುವ ಯಾವುದೇ ಅಧಿಸೂಚನೆಯ ಪಕ್ಕದಲ್ಲಿ ಆ ವಾರದ ಕ್ಯಾಲೆಂಡರ್ ಇಟ್ಟುಕೊಂಡು ಓದುವುದು ಒಳ್ಳೆಯ ಅಭ್ಯಾಸ.

ಇಲ್ಲಿ ಒಂದು ಹಳ್ಳವಿದೆ, ಬೀಳಬೇಡಿ. ಕರಡು ಪ್ರಕಟಣೆಯನ್ನು ಕಡ್ಡಾಯ ಮಾಡಿದ್ದು ಯಾವುದು ಎಂಬುದನ್ನು ನೀವು ಕಾಯ್ದೆಯಲ್ಲೋ ನಿಯಮದಲ್ಲೋ ತೋರಿಸಬೇಕು. ಎಲ್ಲ ಕಾಯ್ದೆಗಳೂ ಅದನ್ನು ಕೇಳುವುದಿಲ್ಲ. ಕೇಳದಿದ್ದಲ್ಲಿ ‘ಜನರನ್ನು ಕೇಳಲಿಲ್ಲ’ ಎಂಬ ವಾದಕ್ಕೆ ಅಷ್ಟಾಗಿ ಬಲವಿಲ್ಲ. ಇನ್ನೊಂದು ಕಡೆ, ‘ಪೂರ್ವಪ್ರಕಟಣೆಯ ನಂತರ’ ನಿಯಮ ಮಾಡಬೇಕೆಂದು ಕಾಯ್ದೆಯೇ ಹೇಳುವಲ್ಲಿ 1897ರ ಸಾಮಾನ್ಯ ಖಂಡಗಳ ಕಾಯ್ದೆಯ 23ನೇ ಕಲಮು ಎದುರಾಗುತ್ತದೆ. ಪೂರ್ವಪ್ರಕಟಣೆ ಮಾಡಿಯೇ ಹೊರಡಿಸಿದ್ದೇವೆ ಎನ್ನುವ ನಿಯಮ ರಾಜ್ಯಪತ್ರದಲ್ಲಿ ಬಂದರೆ, ಅದು ಕ್ರಮಬದ್ಧವಾಗಿ ಆಗಿದೆ ಎಂಬುದಕ್ಕೆ ಅದೇ ನಿರ್ಣಾಯಕ ಪುರಾವೆ ಎನ್ನುತ್ತದೆ ಆ ಕಲಮು. ಸರ್ಕಾರದ ವಕೀಲರು ಇದನ್ನು ಖಂಡಿತ ಎತ್ತುತ್ತಾರೆ. 5(4)ರ ಪ್ರಕರಣದಲ್ಲಿ ಈ ರಕ್ಷಣೆ ಅವರಿಗೆ ದಕ್ಕುವುದಿಲ್ಲ. ಪ್ರಕಟಣೆ ಮಾಡಿಲ್ಲವೆಂದು ಅಧಿಸೂಚನೆಯೇ ಒಪ್ಪಿಕೊಂಡಿರುತ್ತದಲ್ಲ.

ನಾಲ್ಕನೇ ಹೆಜ್ಜೆ: ಸಾಲಿನ ಒಂದೊಂದು ಪದಕ್ಕೂ ಅಳತೆ ಕೇಳಿ

ವಿಧಾನ ಸರಿಯಿದ್ದರೂ ಒಳಗಿನ ವಸ್ತು ಕೊಳೆತಿರಬಹುದು. ಹಾಗಾಗಿ ಈಗ ಕೋಷ್ಟಕಕ್ಕೆ ಬನ್ನಿ. 6ನೇ ಸಾಲನ್ನು ಗುಡ್ಡದ ಕೆಳಗೆ ನಿಂತು ಓದಿದರೆ ಏಳುವ ಪ್ರಶ್ನೆಗಳು ಸರಳ. ಎಷ್ಟು ಮಣ್ಣು? ಸಾಲಿನಲ್ಲಿ ಲೆಕ್ಕವಿಲ್ಲ, ನೂರು ಲೋಡೂ ಅದೇ, ಒಂದು ಇಡೀ ಗುಡ್ಡವೂ ಅದೇ. ಎಷ್ಟು ಎಕರೆಯಲ್ಲಿ? ಹೇಳಿಲ್ಲ. ಎಷ್ಟು ಆಳಕ್ಕೆ? ಅದೂ ಇಲ್ಲ. ‘ಉದ್ದನೆಯ ಯೋಜನೆ’ ಎಂದರೆ ಯಾವುದು? ರಸ್ತೆ, ಪೈಪ್‌ಲೈನ್ ‘ಮುಂತಾದ’ ಎಂದಿದೆ, ವ್ಯಾಖ್ಯೆಯಿಲ್ಲ. ತೆಗೆದ ಮೇಲೆ ಧರೆ ಕಟ್ಟಬೇಕೇ, ನೀರು ಹರಿಯಲು ಚರಂಡಿ ಬಿಡಬೇಕೇ, ಗಿಡ ನೆಡಬೇಕೇ? ಒಂದು ಷರತ್ತೂ ಇಲ್ಲ. ಇದನ್ನು ನೋಡಿಕೊಳ್ಳುವ ಪ್ರಾಧಿಕಾರ ಯಾವುದು? ಹೆಸರಿಲ್ಲ.

ಯಾವ ಮಾರ್ಗದರ್ಶನವೂ ಇಲ್ಲದ ಇಂಥ ಸಾರಾಸಗಟು ವಿನಾಯಿತಿ ಮನಸ್ವೀ, ಅಂದರೆ ಮನಬಂದಂತೆ ಮಾಡಿದ್ದು, ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಗೆ ವಿರುದ್ಧವಾದದ್ದು ಎಂದು ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ನಡುವೆ, 2023ರ ಆಗಸ್ಟ್ 30ರಂದು, ಮಂತ್ರಾಲಯ ಆ ಸಾಲಿಗೆ ತೇಪೆ ಹಾಕಿತ್ತು: ಕಾಲಕಾಲಕ್ಕೆ ಹೊರಡಿಸುವ ಕಾರ್ಯವಿಧಾನ ಮತ್ತು ಪರಿಸರ ಸುರಕ್ಷತಾ ಕ್ರಮಗಳಿಗೆ ಒಳಪಟ್ಟು ಎಂಬ ಪದಗಳನ್ನು ಸೇರಿಸಿತು. ಮಣ್ಣು ತೆಗೆಯುವ ಜಾಗಕ್ಕೂ ಪ್ರಮಾಣಕ್ಕೂ ಮಿತಿ ಆಗಲೂ ಬರಲಿಲ್ಲ. ನ್ಯಾಯಾಲಯ ಆ ತೇಪೆಯನ್ನೂ ಸೇರಿಸಿಯೇ ಕಿತ್ತುಹಾಕಿತು.

ಸಾಧಾರಣ ಮಣ್ಣು ಎಂದರೆ ಲೆಕ್ಕಕ್ಕಿಲ್ಲದ ವಸ್ತು ಎಂಬ ಭಾವನೆ ನಮ್ಮಲ್ಲಿ ಇದೆ. ಕಾನೂನಿನಲ್ಲಿ ಹಾಗಿಲ್ಲ. ರಸ್ತೆ, ರೈಲು, ಕಟ್ಟಡಗಳಿಗೆ ತುಂಬಲು ಬಳಸುವ ಮಣ್ಣನ್ನು ಕೇಂದ್ರ ಸರ್ಕಾರ 2000ದ ಫೆಬ್ರವರಿ 3ರಂದು ಉಪಖನಿಜವೆಂದು ಘೋಷಿಸಿದೆ. ಆದ್ದರಿಂದ ರಾಜಧನ, ಪರವಾನಗಿಯ ಪ್ರಶ್ನೆ ಬೇರೆಯೇ ಇದೆ. ಪರಿಸರ ಅನುಮತಿಗೆ ವಿನಾಯಿತಿ ಸಿಕ್ಕ ಮಾತ್ರಕ್ಕೆ ಗಣಿ ಇಲಾಖೆಯ ಅನುಮತಿ ತಾನಾಗಿ ಬಂದಂತಲ್ಲ. ಕಚೇರಿಯಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕೇಳಿ.

ಕೋರ್ಟು ಯಾವುದನ್ನು ನೋಡುತ್ತದೆ, ಯಾವುದನ್ನು ನೋಡುವುದಿಲ್ಲ

ತಮಿಳುನಾಡು ಸರ್ಕಾರ ವಿರುದ್ಧ ಪಿ. ಕೃಷ್ಣಮೂರ್ತಿ ಪ್ರಕರಣದಲ್ಲಿ, 2006ರಲ್ಲಿ, ಸುಪ್ರೀಂ ಕೋರ್ಟ್ ಆರು ಆಧಾರಗಳನ್ನು ಒಟ್ಟಿಗೆ ಬರೆದಿಟ್ಟಿದೆ. ಕಾಕತಾಳೀಯವಾಗಿ ಅದೂ ಮರಳು ಗಣಿಗಾರಿಕೆಯ ನಿಯಮದ ಪ್ರಕರಣವೇ. ಆರನ್ನೂ ಬಾಯಿಪಾಠ ಮಾಡಬೇಕಿಲ್ಲ. ಮೂರು ಪ್ರಶ್ನೆಗಳಾಗಿ ನೆನಪಿಟ್ಟುಕೊಂಡರೆ ಸಾಕು: ನಿಯಮ ಮಾಡುವ ಅಧಿಕಾರ ಅವರಿಗಿತ್ತೇ ಮತ್ತು ನಿಯಮ ಅದರೊಳಗೆ ಇದೆಯೇ, ಸಂವಿಧಾನಕ್ಕೋ ಬೇರೆ ಕಾನೂನಿಗೋ ಡಿಕ್ಕಿ ಹೊಡೆಯುತ್ತದೆಯೇ, ಇಂಥದ್ದನ್ನು ಮಾಡಲಿ ಎಂದು ಶಾಸಕಾಂಗ ಎಂದೂ ಬಯಸಿರಲಾರದು ಎನ್ನುವಷ್ಟು ಮನಸ್ವಿಯಾಗಿದೆಯೇ.

ಮೊದಲ ಪ್ರಶ್ನೆಯ ಹರಿತ ಗೊತ್ತಾಗಬೇಕಾದರೆ ಉಪ್ಪಿನ ಪ್ರಕರಣ ನೋಡಬೇಕು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರಬಾರದು ಎಂದು ಆಹಾರ ಕಲಬೆರಕೆ ತಡೆ ನಿಯಮಗಳಿಗೆ ಕೇಂದ್ರ ಸರ್ಕಾರ 44-ಐ ಎಂಬ ನಿಯಮ ಸೇರಿಸಿತ್ತು. ಗಳಗಂಡ ರೋಗ ತಡೆಯುವ ಉದ್ದೇಶ ಒಳ್ಳೆಯದೇ. ಆದರೆ ಕಾಯ್ದೆ ಕೊಟ್ಟಿದ್ದ ಅಧಿಕಾರ, ಆರೋಗ್ಯಕ್ಕೆ ಹಾನಿಕರವಾದ ವಸ್ತುವಿನ ಮಾರಾಟ ನಿಷೇಧಿಸುವುದಕ್ಕೆ. ಸಾದಾ ಉಪ್ಪು ಹಾನಿಕರ ಎಂದು ತೋರಿಸಲು ಸರ್ಕಾರಕ್ಕೆ ಆಗಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮ ಕಾಯ್ದೆಯ ವ್ಯಾಪ್ತಿ ಮೀರಿದೆ ಎಂದು ಹೇಳಿತು. ಜೊತೆಗೆ, ಜನರ ಆರೋಗ್ಯದ ವಿಷಯವಾದ್ದರಿಂದ ಸರ್ಕಾರ ಬೇರೆ ವ್ಯವಸ್ಥೆ ಮಾಡಿಕೊಳ್ಳಲೆಂದು ಆರು ತಿಂಗಳು ನಿಯಮ ಮುಂದುವರಿಯಲು ಬಿಟ್ಟಿತು. ಉದ್ದೇಶ ಒಳ್ಳೆಯದೆಂದ ಮಾತ್ರಕ್ಕೆ ಇಲ್ಲದ ಅಧಿಕಾರ ಹುಟ್ಟುವುದಿಲ್ಲ.

ಇದರ ಇನ್ನೊಂದು ಮಗ್ಗುಲನ್ನು ಅರ್ಜಿದಾರರು ಮರೆಯುತ್ತಾರೆ. ಕೆಟ್ಟ ನೀತಿ ಎಂಬ ಒಂದೇ ಕಾರಣಕ್ಕೂ ನಿಯಮ ಬೀಳುವುದಿಲ್ಲ. ‘ಇದರಿಂದ ಬೆಳೆಗಾರರಿಗೆ ನಷ್ಟ’, ‘ಇದಕ್ಕಿಂತ ಒಳ್ಳೆಯ ಉಪಾಯವಿತ್ತು’, ‘ಪಕ್ಕದ ರಾಜ್ಯದಲ್ಲಿ ಹೀಗಿಲ್ಲ’ ಎಂದು ಹತ್ತು ಪುಟ ಬರೆದರೂ ಅದು ಅಧಿಕಾರದ ಪ್ರಶ್ನೆಗೆ ಉತ್ತರವಲ್ಲ. ನಿಯಮ ಸಿಂಧುವೆಂದೇ ನ್ಯಾಯಾಲಯ ಹೊರಡುತ್ತದೆ. ಅಲ್ಲವೆಂದು ತೋರಿಸುವ ಹೊರೆ ನಿಮ್ಮ ಮೇಲೆ. ಸೋತ ಅರ್ಜಿಗಳ ಪೈಕಿ ದೊಡ್ಡ ಪಾಲು ಹೀಗೆ ಸಂಕಟವನ್ನೇ ಕಾನೂನಿನ ವಾದವೆಂದು ನಂಬಿ ಬರೆದವು ಎಂಬುದು ನಮ್ಮ ಅನಿಸಿಕೆ. ಸಂಕಟ ಬರೆಯಿರಿ, ಬೇಡವೆನ್ನುವುದಿಲ್ಲ. ಆದರೆ ಅದು ನೀವು ಯಾಕೆ ಕೋರ್ಟಿಗೆ ಬಂದಿರಿ ಎಂದು ಹೇಳುವ ಪ್ಯಾರಾಕ್ಕೆ ಸೇರಿದ್ದು.

ನಿಯಮಗಳನ್ನು ಸಂಸತ್ತಿನ ಮುಂದಿಡಬೇಕು ಎಂಬ ಕಲಮೂ ಇದೆ. ಪರಿಸರ ಕಾಯ್ದೆಯಲ್ಲಿ ಅದು 26ನೆಯದು, ಅವಧಿ ಒಟ್ಟು 30 ದಿನ. ಇದನ್ನು ಪಾಲಿಸಿಲ್ಲ ಎಂಬುದೊಂದನ್ನೇ ನಂಬಿಕೊಂಡು ಹೋಗಬೇಡಿ. ಇಂಥ ಕಲಮನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ನಿರ್ದೇಶನವೆಂದು ಓದುತ್ತವೆಯೇ ಹೊರತು ತಪ್ಪಿದರೆ ನಿಯಮವೇ ಬಿದ್ದುಹೋಗುವ ಷರತ್ತೆಂದಲ್ಲ.

ಐದನೇ ಹೆಜ್ಜೆ: ಸರಿಯಾದ ಬಾಗಿಲು ತಟ್ಟಿ

ಹಾಸನದ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆಯ ದಾವೆ ಹಾಕಿ ಕೇಂದ್ರದ ಅಧಿಸೂಚನೆಯನ್ನು ಬೀಳಿಸಲು ಹೊರಟರೆ ವರ್ಷಗಳು ಕಳೆದುಹೋಗುತ್ತವೆ. ಪರಿಸರದ ವಿಷಯವೆಂದು ಚೆನ್ನೈನಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಹೋಗುವುದು ಎರಡನೇ ತಪ್ಪು, ಮತ್ತು ಹೆಚ್ಚು ಜನ ಮಾಡುವ ತಪ್ಪು. ನಿರ್ದಿಷ್ಟ ಕಾಮಗಾರಿಯೊಂದು ಅನುಮತಿಯಿಲ್ಲದೆ ನಡೆದಿದೆ, ಹಾನಿಯಾಗಿದೆ ಎನ್ನುವುದಕ್ಕೆ ನ್ಯಾಯಮಂಡಳಿ ಸರಿಯಾದ ಜಾಗ. ನಿಯಮವನ್ನೇ ಅಸಿಂಧು ಎಂದು ಘೋಷಿಸುವ ಸಾಮಾನ್ಯ ಅಧಿಕಾರ ಅದಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ, ತೂತ್ತುಕುಡಿಯ ತಾಮ್ರ ಕಾರ್ಖಾನೆಯ ಪ್ರಕರಣದಲ್ಲಿ, ಹೇಳಿದೆ.

ಮಣ್ಣಿನ ಪ್ರಕರಣ ಸಾಗಿದ ಹಾದಿಯೂ ಇದನ್ನೇ ತೋರಿಸುತ್ತದೆ. ಅರ್ಜಿದಾರರು ಮೊದಲು ಹೋದದ್ದು ಹಸಿರು ನ್ಯಾಯಮಂಡಳಿಗೆ. ಮಣ್ಣು ತೆಗೆಯುವುದಕ್ಕೆ ಕೊಟ್ಟ ಸಾರಾಸಗಟು ವಿನಾಯಿತಿ ಸರಿಯಲ್ಲ, ಮೂರು ತಿಂಗಳೊಳಗೆ ಮರುಪರಿಶೀಲಿಸಿ ಎಂದು ಅದು 2020ರ ಅಕ್ಟೋಬರ್ 28ರಂದು ಮಂತ್ರಾಲಯಕ್ಕೆ ಹೇಳಿತು. ಸಾಲು ಮಾತ್ರ ಹಾಗೆಯೇ ಉಳಿಯಿತು. ಅಲ್ಲಿಂದ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗಿ, ಸಾಲು ರದ್ದಾಗುವ ಹೊತ್ತಿಗೆ ಅದು ಹುಟ್ಟಿ ನಾಲ್ಕು ವರ್ಷವಾಗಿತ್ತು. ಆ ನಾಲ್ಕು ವರ್ಷ ಟಿಪ್ಪರ್‌ಗಳಿಗೆ ಆ ಸಾಲೇ ರಹದಾರಿ.

ಹಾಸನ, ಚಿಕ್ಕಮಗಳೂರು ಜಿಲ್ಲೆಯವರಿಗೆ ನೇರ ಬಾಗಿಲು ಬೆಂಗಳೂರಿನಲ್ಲಿರುವ ಹೈಕೋರ್ಟಿನ ಪ್ರಧಾನ ಪೀಠ; ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಕೇಂದ್ರದ ಅಧಿಸೂಚನೆಯಾದರೂ ಅದರ ಪರಿಣಾಮ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ಆಗಿದ್ದರೆ ಕರ್ನಾಟಕ ಹೈಕೋರ್ಟು ಕೇಳಬಹುದು. ದೆಹಲಿಗೇ ಹೋಗಬೇಕಿಲ್ಲ. ‘ಬೇರೆ ಪರಿಹಾರ ಇದೆಯಲ್ಲ, ಅಲ್ಲಿಗೆ ಹೋಗಿ’ ಎಂಬ ಆಕ್ಷೇಪಣೆ ಬಂದರೆ, ನಿಯಮದ ಸಿಂಧುತ್ವವನ್ನೇ ಪ್ರಶ್ನಿಸಿದಾಗ ಅದು ಅಡ್ಡಿಯಾಗುವುದಿಲ್ಲ ಎಂಬುದು ನೆಲೆಗೊಂಡ ಮಾತು.

ಆರನೇ ಹೆಜ್ಜೆ: ಕಾಗದ ಕೂಡಿಸಿ, ಕೋರಿಕೆ ಸರಿಯಾಗಿ ಬರೆಯಿರಿ

ಮೊದಲ ಕಾಗದ ಮಾಹಿತಿ ಹಕ್ಕಿನ ಅರ್ಜಿ. ಕೇಂದ್ರ ಮಂತ್ರಾಲಯಕ್ಕಾದರೆ rtionline.gov.in ಮೂಲಕ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ‘ಅಧಿಸೂಚನೆಯ ಬಗ್ಗೆ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ರಾಜ್ಯಪತ್ರದ ಪ್ರತಿಯನ್ನೇ ನಿಮಗೆ ಕಳಿಸುತ್ತಾರೆ. ಹೀಗೆ ಕೇಳಿ: ಇಂಥ ದಿನಾಂಕದ ಅಧಿಸೂಚನೆಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ನಿಯಮ 5(4)ನ್ನು ಬಳಸಲು ತೀರ್ಮಾನಿಸಿದ ಟಿಪ್ಪಣಿಯ ಪ್ರತಿ, ಈ ಸಾಲನ್ನು ಸೇರಿಸಬೇಕೆಂದು ಬಂದ ಮನವಿಗಳ ಪ್ರತಿ. ಕಾರಣಗಳು ಎಲ್ಲಾದರೂ ಇದ್ದರೆ ಇರುವುದು ಆ ಹಾಳೆಗಳಲ್ಲೇ. ‘ಅಂಥ ದಾಖಲೆ ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಬೇಸರಪಡಬೇಡಿ, ಅದೇ ನಿಮ್ಮ ಅರ್ಜಿಯ ಒಳ್ಳೆಯ ಅನುಬಂಧ. ಉತ್ತರವೇ ಬರದಿದ್ದರೆ ಆ ಅವಧಿ ಮುಗಿದ 30 ದಿನಗಳೊಳಗೆ ಮೊದಲ ಮೇಲ್ಮನವಿ ಹಾಕಿ.

ಸ್ಥಳೀಯ ಕಾಗದಗಳೂ ಬೇಕು: ಮಣ್ಣು ತೆಗೆಯುವ ಸರ್ವೆ ನಂಬರಿನ ಪಹಣಿ, ನಿಮ್ಮ ಜಮೀನಿನ ಪಹಣಿ, ದಿನಾಂಕವಿರುವ ಫೋಟೋಗಳು, ನೀವು ಕೊಟ್ಟ ದೂರು ಮತ್ತು ಅದಕ್ಕೆ ಬಂದ ಹಿಂಬರಹ. ಹಿಂಬರಹ ಬಹಳ ಮುಖ್ಯ. ‘ಸದರಿ ಅಧಿಸೂಚನೆಯಂತೆ ಅನುಮತಿ ಅಗತ್ಯವಿರುವುದಿಲ್ಲ’ ಎಂದು ಅಧಿಕಾರಿ ಬರೆದುಕೊಟ್ಟರೆ ಅಧಿಸೂಚನೆಗೂ ನಿಮ್ಮ ಗದ್ದೆಗೂ ಇರುವ ನಂಟು ಒಂದೇ ಹಾಳೆಯಲ್ಲಿ ಸಿಕ್ಕಂತೆ. ಬಾಯಿಮಾತಿನ ಉತ್ತರ ತೆಗೆದುಕೊಂಡು ಬರಬೇಡಿ. ಕನ್ನಡದ ದಾಖಲೆಗಳಿಗೆ ಹೈಕೋರ್ಟಿಗಾಗಿ ಇಂಗ್ಲಿಷ್ ಅನುವಾದ ಮಾಡಿಸಬೇಕಾಗುತ್ತದೆ, ಅದಕ್ಕೆ ವಾರ ಹಿಡಿಯುತ್ತದೆಂದು ಲೆಕ್ಕ ಇಟ್ಟುಕೊಳ್ಳಿ.

ಕೋರಿಕೆಯಲ್ಲಿ ಎರಡು ಭಾಗ ಇರಲೇಬೇಕು. ಒಂದು ನಿಯಮದ ಮೇಲೆ: ‘ಇಂಥ ದಿನಾಂಕದ ಅಧಿಸೂಚನೆಯ ಇಂಥ ಕ್ರಮಾಂಕವು ಸಂವಿಧಾನದ 14ನೇ ವಿಧಿಗೂ ನಿಯಮ 5(3)ಕ್ಕೂ ವಿರುದ್ಧವಾಗಿದ್ದು ಕಾಯ್ದೆಯ ಅಧಿಕಾರ ಮೀರಿದೆ ಎಂದು ಘೋಷಿಸಿ ರದ್ದುಪಡಿಸಬೇಕು.’ ಇನ್ನೊಂದು ಅದರಡಿ ನಡೆದ ಕೆಲಸದ ಮೇಲೆ: ‘ಅದನ್ನು ಆಧರಿಸಿ ಇಂಥ ಸರ್ವೆ ನಂಬರಿನಲ್ಲಿ ಕೊಟ್ಟ ಅನುಮತಿ ರದ್ದುಪಡಿಸಬೇಕು.’ ಎರಡನೆಯದನ್ನು ಮಾತ್ರ ಕೇಳಿದರೆ ನಿಯಮ ನಿಂತೇ ಇರುತ್ತದೆ, ಅನುಮತಿಯೂ ಅದರ ನೆರಳಲ್ಲಿ ಉಳಿಯುತ್ತದೆ. ಮೊದಲನೆಯದನ್ನು ಮಾತ್ರ ಕೇಳಿದರೆ ನೀವು ಗೆದ್ದ ಹೊತ್ತಿಗೆ ಗುಡ್ಡ ಇರುವುದಿಲ್ಲ. ಇಡೀ ಅಧಿಸೂಚನೆಯನ್ನು ರದ್ದುಮಾಡಿ ಎಂದೂ ಕೇಳಬೇಡಿ. 2020ರ ಪಟ್ಟಿಯ ಬೇರೆ ಸಾಲುಗಳಲ್ಲಿ ಕುಂಬಾರರು ಕೈಯಿಂದ ತೆಗೆಯುವ ಜೇಡಿಮಣ್ಣಿನಂಥ ವಿನಾಯಿತಿಗಳೂ ಇದ್ದವು, ಸುಪ್ರೀಂ ಕೋರ್ಟ್ ಕಿತ್ತದ್ದು ಒಂದು ಸಾಲನ್ನು. ನಿಮಗೆ ನೋವು ಕೊಟ್ಟ ಸಾಲನ್ನೇ ಬೆರಳಿಟ್ಟು ತೋರಿಸಿದರೆ ನ್ಯಾಯಾಧೀಶರ ಕೆಲಸವೂ ಹಗುರ.

ತಡಮಾಡಬೇಡಿ. ಸಿಂಧುತ್ವ ಪ್ರಶ್ನಿಸಲು ದಿನಗಳ ಲೆಕ್ಕದ ಗಡುವಿಲ್ಲದಿದ್ದರೂ, ಕೆಲಸ ಮುಗಿಯುವವರೆಗೆ ಸುಮ್ಮನಿದ್ದು ಬಂದವರಿಗೆ ಪರಿಹಾರ ಸಿಗುವುದು ಕಷ್ಟ. ಮಧ್ಯಂತರ ತಡೆಯಾಜ್ಞೆ ಕೇಳುವಾಗ ಇಡೀ ನಿಯಮಕ್ಕೆ ತಡೆ ಕೇಳುವುದಕ್ಕಿಂತ ನಿಮ್ಮ ಸರ್ವೆ ನಂಬರಿನಲ್ಲಿ ಮಣ್ಣು ತೆಗೆಯುವುದಕ್ಕೆ ತಡೆ ಕೇಳಿ. ಸಿಂಧುವೆಂದು ಭಾವಿಸಲಾದ ನಿಯಮವನ್ನು ಅಂತಿಮ ವಿಚಾರಣೆಗೆ ಮೊದಲೇ ತಡೆಯಲು ನ್ಯಾಯಾಲಯಗಳು ಹಿಂಜರಿಯುತ್ತವೆ. ಒಂದು ಜಾಗದ ಗುಡ್ಡ ಕಡಿದರೆ ಮತ್ತೆ ಕೂಡಿಸಲಾಗದು ಎಂಬುದನ್ನು ಒಪ್ಪಿಸುವುದು ಅದಕ್ಕಿಂತ ಸುಲಭ.

ರದ್ದಾದ ಮೇಲೆ

ಸಾಲು ಬಿದ್ದುಹೋದರೆ ಅದರ ಹಿಂದಿನ ಸಾಮಾನ್ಯ ನಿಯಮ ಅನ್ವಯವಾಗುತ್ತದೆ. 2024ರ ತೀರ್ಪಿನ ಬಳಿಕ ಇಲ್ಲಿ ಅನ್ವಯವಾದದ್ದು, ಮಣ್ಣು ತೆಗೆಯಲು ಮೊದಲೇ ಪರಿಸರ ಅನುಮತಿ ಬೇಕು ಎಂಬುದು. ಆದರೆ ದೆಹಲಿಯ ತೀರ್ಪು ತಾಲ್ಲೂಕು ಕಚೇರಿಗೆ ತಾನಾಗಿ ನಡೆದು ಬರುವುದಿಲ್ಲ. ತೀರ್ಪಿನ ಪ್ರತಿಯನ್ನು ಮನವಿಯೊಂದಿಗೆ ಜಿಲ್ಲಾಧಿಕಾರಿಗೂ ಗಣಿ ಇಲಾಖೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಹಳೆಯ ಅಧಿಸೂಚನೆಯನ್ನೇ ತೋರಿಸಿ ಕೆಲಸ ಮುಂದುವರಿಸಿದರೆ ಆ ಸ್ವೀಕೃತಿಯೇ ಮುಂದಿನ ಅರ್ಜಿಯ ಮೊದಲ ಅನುಬಂಧ.

ಮಂತ್ರಾಲಯ ಸುಮ್ಮನಿರಬೇಕೆಂದೂ ಇಲ್ಲ. ವಿಧಾನದ ದೋಷಕ್ಕೆ, ಮಿತಿಯಿಲ್ಲದ ಪದಗಳಿಗೆ ಬಿದ್ದ ನಿಯಮವನ್ನು ಸರಿಯಾದ ವಿಧಾನದಲ್ಲಿ, ಮಿತಿ ಹಾಕಿ ಮತ್ತೆ ತರಲು ಅದಕ್ಕೆ ಅಧಿಕಾರವಿದೆ. ಆಗ ಮೊದಲು ಬರುವುದು ಕರಡು. ಕರಡಿನ ಮೇಲೆ ಕೋರ್ಟಿಗೆ ಓಡಿದರೆ ‘ಇನ್ನೂ ನಿಯಮವೇ ಆಗಿಲ್ಲ, ಆಕ್ಷೇಪಣೆ ಸಲ್ಲಿಸಿ’ ಎಂದು ಕಳಿಸುವ ಸಂಭವವೇ ಹೆಚ್ಚು. ಆದ್ದರಿಂದ ಮೇಲಿನ ನಾಲ್ಕನೇ ಹೆಜ್ಜೆಯ ಪ್ರಶ್ನೆಗಳನ್ನೇ, ಎಷ್ಟು ಮಣ್ಣು, ಎಷ್ಟು ಆಳ, ಯಾರ ಉಸ್ತುವಾರಿ ಎಂದು, ಆಕ್ಷೇಪಣೆಯಾಗಿ ಬರೆದು ಕಳಿಸಿ. 60 ದಿನ ಎಣಿಸಲು ಶುರುಮಾಡುವುದು ಪತ್ರಿಕೆಯಲ್ಲಿ ಸುದ್ದಿ ಓದಿದ ದಿನದಿಂದಲ್ಲ. ಕರಡಿನ ಮೊದಲ ಪ್ಯಾರಾದಲ್ಲೇ ಅದು ಬರೆದಿರುತ್ತದೆ, ಸಾಮಾನ್ಯವಾಗಿ ರಾಜ್ಯಪತ್ರದ ಪ್ರತಿಗಳು ಸಾರ್ವಜನಿಕರಿಗೆ ಲಭ್ಯವಾದ ದಿನದಿಂದ ಎಂದು. ಇಮೇಲ್‌ನಲ್ಲಿ ಕಳಿಸಿದರೂ ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ, ರಸೀದಿ ತೆಗೆದಿಡಿ.